ನಿಶಾತ ನೇರ ಮಾಡಿದ ಅಂಚು

ಪಟ್ ಪಟ್ ಪಟ್ ಎಂದು ಪಕ್ಕದ ಹಿಟ್ಟಿನ ಗಿರಣಿಯ ಬೆಲ್ಟು ಹೊಡೆದುಕೊಳ್ಳುತ್ತಿತ್ತು. ಜೋಳ ಬೀಸುವಾಗ ಆ ಸದ್ದು ಗೋಡೆ ದಾಟಿ ಬಂದು ಫೋಟೋ ಸ್ಟುಡಿಯೋದ ಕಪಾಟಿನ ಗಾಜನ್ನು ಸಣ್ಣಗೆ ನಡುಗಿಸುತ್ತದೆ. ಆಳಂದದ ಈ ಓಣಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಿಶಾತಳಿಗೆ ಅದು ತಲೆನೋವಾಗಿತ್ತು. ಈಗ ಗಿರಣಿ ನಿಂತರೆ ಮಾತ್ರ ಅವಳು ಕಂಪ್ಯೂಟರಿನಿಂದ ತಲೆ ಎತ್ತುತ್ತಾಳೆ, ಕರೆಂಟು ಹೋಯಿತೇನೋ ಎಂದು.

ಅವಳ ಮುಂದಿನ ಪರದೆಯ ಮೇಲೆ ಈ ದಿನ ಮದುಮಗಳಿರಲಿಲ್ಲ. ಕಪ್ಪು ಬಣ್ಣದ ಒಂದು ದುಂಡು ಬಿಲ್ಲೆ ಇತ್ತು. ಅಂಗೈಗಿಂತ ತುಸು ಅಗಲ. ಅಂಚಿನ ಸುತ್ತ ತೊಗರಿ ಕಾಳು ಒಂದೊಂದೇ ಕೂಡುವಷ್ಟು ಸಣ್ಣ ಸಣ್ಣ ಗುಳಿಗಳು. ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಯಂತ್ರದ ಬೀಜದ ಪೆಟ್ಟಿಗೆಯಲ್ಲಿ ಇಂಥ ಬಿಲ್ಲೆ ಓರೆಯಾಗಿ ಕೂತು ತಿರುಗುತ್ತದೆ. ಪ್ರತಿ ಗುಳಿಯೂ ಒಂದು ಕಾಳನ್ನು ಎತ್ತಿಕೊಂಡು ಮೇಲೆ ಬಂದು, ಕೊಳವೆಯೊಳಗೆ ಬಿಟ್ಟು, ಮತ್ತೆ ಇಳಿಯುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ರೈತರು ಸೇರಿ ಕಟ್ಟಿಕೊಂಡ ಕಂಪನಿಯೊಂದು ಇಂಥ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ. ಯಂತ್ರದ ಜೊತೆ ಬಂದಿದ್ದ ಬಿಲ್ಲೆಗಳು ಈ ಕಡೆಯ ತೊಗರಿಗೆ ಹೊಂದುತ್ತಿರಲಿಲ್ಲ. ಒಂದು ಗುಳಿಯಲ್ಲಿ ಎರಡು ಕಾಳು ಕೂಡುತ್ತಿದ್ದವು. ಅದಕ್ಕೇ ಇಲ್ಲಿನ ಕಾಳಿನ ಅಳತೆಗೆ ತ್ರೀಡಿ ಪ್ರಿಂಟಿನಲ್ಲಿ ಹೊಸವನ್ನು ಮಾಡಿಸುವುದೆಂದು ಕಂಪನಿಯವರು ನಿಶ್ಚಯಿಸಿದ್ದರು. ಪ್ಲಾಸ್ಟಿಕ್ಕಿನ ದಾರವನ್ನು ಕರಗಿಸಿ ಪದರಿನ ಮೇಲೆ ಪದರು ಹಾಕಿ ಕಟ್ಟುವ ಯಂತ್ರ ಅದು.

ಮಾಡಿಕೊಡುವವರು ಐದು ಊರುಗಳಲ್ಲಿ ಸಿಕ್ಕರು. ಐವರೂ ಮಾದರಿಯೊಂದನ್ನು ಮಾಡಿ ಫೋಟೋ ಕಳಿಸಬೇಕು, ಫೋಟೋ ನೋಡಿ ಮೊದಲ ಇಬ್ಬರನ್ನು ಆರಿಸಬೇಕು, ಅವರಿಂದ ಮಾತ್ರ ವಸ್ತು ತರಿಸಬೇಕು ಎಂದಾಯಿತು. ಮಳೆಗಾಲ ಹತ್ತಿರ ಬಂದಿತ್ತು. ಎಲ್ಲರಿಂದ ತರಿಸಿ ನೋಡುತ್ತ ಕೂಡಲು ಸಮಯವಿರಲಿಲ್ಲ. ಕಂಪನಿಯ ಕಚೇರಿ ನೋಡಿಕೊಳ್ಳುವ ಸಂತೋಷಕುಮಾರ ತನ್ನ ಮದುವೆಯ ಆಲ್ಬಂ ಮಾಡಿಕೊಟ್ಟವಳನ್ನು ನೆನೆದ.

"ಫೋಟೋದಾಗಿನ ಸಣ್ಣ ಕೂದಲನೂ ನಿಮ್ಮ ಕಣ್ಣಿಗಿ ಬೀಳ್ತದ್ರಿ ಅಕ್ಕಾ. ಇದೊಂದು ನೋಡಿಕೊಡ್ರಿ. ಚಲೋ ಆತಂದ್ರ ಮುಂದಿನ ಬಿಡಿಭಾಗದ್ದೆಲ್ಲ ನಿಮಗೇ ಕೊಡ್ತೇವ್ರಿ" ಅಂದಿದ್ದ.

ಆ ಕೊನೆಯ ಮಾತನ್ನು ನಿಶಾತ ಒಳಗೆ ಜತನವಾಗಿ ಇಟ್ಟುಕೊಂಡಿದ್ದಳು. ಸ್ಟುಡಿಯೋಕ್ಕೆ ಈಗ ಮಂದಿ ಬರುವುದು ಆಧಾರ್ ಕಾರ್ಡಿನ ಝೆರಾಕ್ಸಿಗೆ. ಗಂಡ ಮಸೂದ ವಿಡಿಯೋ ಕ್ಯಾಮೆರಾ ಹೊತ್ತು ಊರೂರು ತಿರುಗುತ್ತಾನೆ. ಅವಳ ಕಣ್ಣಿಗೆ ಮಾತ್ರ ಕೆಲಸ ಕಡಿಮೆಯಾಗುತ್ತಿತ್ತು.

ಕಿಣ್ಣಿ ಸುಲ್ತಾನವೆಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗಿಗೆ ಈ ಕಣ್ಣು ಕೊಟ್ಟವನು ಮಾವ ದಾವಲಸಾಬ. ಮುಂಗೈ ಹಿಡಿದು ಕಂಪ್ಯೂಟರಿನ ಮೌಸ್ ಆಡಿಸಲು ಕಲಿಸಿದ. ಸಂಬಂಧ ನೋಡಲು ಕಳಿಸುವ ಹೆಣ್ಣುಮಕ್ಕಳ ಫೋಟೋಕ್ಕೆ ಅವನ ಸ್ಟುಡಿಯೋ ಹೆಸರಾಗಿತ್ತು. ಹಿಂದಿನ ಗೋಡೆ, ಮೊಳೆ, ಕ್ಯಾಲೆಂಡರು ಎಲ್ಲ ಅಳಿಸಿ ಬಯಲು ಬಣ್ಣ ಹಾಕಬೇಕು. ಎತ್ತಿದ ಹೆಗಲನ್ನು ಇಳಿಸಬೇಕು. ತೀರ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಲೆನ್ಸು ನೇರ ಗೆರೆಗಳನ್ನು ಗಡಿಗೆಯ ಹೊಟ್ಟೆಯಂತೆ ಉಬ್ಬಿಸುತ್ತದೆ, ಆ ಉಬ್ಬನ್ನು ತೆಗೆಯಬೇಕು. ಇದಾದ ಮೇಲೆಯೇ ಚಿತ್ರ ಹೊಸ್ತಿಲು ದಾಟುತ್ತಿತ್ತು. ಮಾವ ತೀರಿಕೊಂಡ ಮೇಲೂ ಅವಳ ಬೆರಳು ಅದೇ ಸರದಿಯಲ್ಲಿ ಓಡುತ್ತಿತ್ತು, ರೊಟ್ಟಿ ಬಡಿಯುವ ಕೈ ಓಡಿದ ಹಾಗೆ.

ಮಾದರಿಯ ಫೋಟೋ ಹೇಗೆ ತೆಗೆಯಬೇಕೆಂದು ಐವರಿಗೂ ಅವಳೇ ಹೇಳಿ ಕಳಿಸಿದ್ದಳು. ಒಂದು ಚಿತ್ರ ಬದಿಯಿಂದ ಬೆಳಕು ಬಿಟ್ಟು. ಎದುರಿನ ಬೆಳಕಿನಲ್ಲಿ ಪದರಿನ ಗೆರೆ ಅಡಗಿಬಿಡುತ್ತದೆ, ಓರೆ ಬೆಳಕಿನಲ್ಲಿ ಪ್ರತಿ ಗೆರೆಗೂ ಒಂದು ನೆರಳು ಬೀಳುತ್ತದೆ. ಇನ್ನೊಂದು ಚಿತ್ರ ಬಿಲ್ಲೆಯನ್ನು ಉಕ್ಕಿನ ಅಳತೆಪಟ್ಟಿಯ ಮೇಲೆ ಇಟ್ಟು, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ತೆಗೆದದ್ದು, ಸೊಟ್ಟ ಎಷ್ಟಿದೆ ತಿಳಿಯಲು. ಕರಗಿಸಿ ಹಾಕಿದ ಪ್ಲಾಸ್ಟಿಕ್ಕು ಆರುವಾಗ ಕುಗ್ಗುತ್ತದೆ, ಅಂಚು ಮೇಲೇಳುತ್ತದೆ. ಮೂರನೆಯದು ತೀರ ಹತ್ತಿರದ್ದು, ಗುಳಿಯ ತುಟಿ ಮತ್ತು ತಿರುಗುವ ದಿಕ್ಕು ತೋರಿಸುವ ಬಾಣದ ಗುರುತು ಎಷ್ಟು ನಾಜೂಕಾಗಿ ಬಂದಿದೆ ನೋಡಲು. ಯಾರದ್ದು ಯಾವುದು ಅನ್ನುವುದು ಮನಸ್ಸಿಗೆ ಹತ್ತಬಾರದೆಂದು ಹೆಸರು ತೆಗೆದು ನಂಬರು ಹಾಕಿಕೊಂಡಿದ್ದಳು.

ನೋಡಿ ಮುಗಿಸಿ, ಐದರ ಚಿತ್ರಗಳನ್ನೂ ಒಪ್ಪ ಮಾಡಿ, ಒಂದೇ ಹಾಳೆಯಂತೆ ಜೋಡಿಸಿ ಹಿಂದಿನ ದಿನವೇ ಕಂಪನಿಯ ಎಲ್ಲರಿಗೂ ಕಳಿಸಿದ್ದಳು. ಮೊದಲನೆಯ ಸ್ಥಾನ ಮೂರನೇ ನಂಬರಿಗೆ. ಈಗ ಪರದೆಯ ಮೇಲಿದ್ದ ಈ ಕಪ್ಪು ಬಿಲ್ಲೆಗೆ. ಕಪ್ಪು ಬಣ್ಣದಲ್ಲಿ ಗೆರೆ ಎದ್ದು ಕಾಣುತ್ತದೆ. ಆದರೂ ಇದರ ಗೆರೆಗಳು ರೇಷ್ಮೆ ಸೀರೆಯ ಎಳೆಯಷ್ಟು ಸಣ್ಣ. ಬಾಣದ ತುದಿ ಸೂಜಿಯಂತೆ. ಒಂದು ಗುಳಿಯಲ್ಲೂ ಎಳೆ ಜೋತುಬಿದ್ದಿರಲಿಲ್ಲ. ಎರಡನೆಯದು ಐದನೇ ನಂಬರು. ಒಂದನೇ ನಂಬರಿನ ಬೂದು ಬಿಲ್ಲೆಗೆ ಗೆರೆ ದಪ್ಪ, ಬಾಣ ಮೊಂಡು. ಅದನ್ನು ಮೂರನೆಯ ಸ್ಥಾನಕ್ಕೆ ಇಳಿಸಿದ್ದಳು. ಅಂದರೆ ಅದರ ಮಾದರಿ ತರಿಸುವಂತಿಲ್ಲ.

ಎಲ್ಲರೂ ಹೊಗಳಿದ್ದರು. ಆ ಖುಷಿಗೇ ಅವಳು ಬಿಲ್ಲೆಯನ್ನು ಇನ್ನೊಮ್ಮೆ ತೆರೆದು ನೋಡುತ್ತಿದ್ದಳು. ಅಷ್ಟರಲ್ಲಿ ಜೇವರ್ಗಿಯಿಂದ ಸುಭದ್ರಾಬಾಯಿಯ ಫೋನು ಬಂತು. ಅಲ್ಲಿನ ಹೆಣ್ಣುಮಕ್ಕಳ ಸಂಘದ ಮುಖ್ಯಸ್ಥೆ. ಆ ತಾಲೂಕಿನ ಬಿತ್ತನೆ ಯಂತ್ರಗಳ ಉಸ್ತುವಾರಿ ಅವಳದು.

"ನಿಶಾತಾ, ಚಿತ್ರ ಭಾಳ ಛಂದ ಮಾಡೀ ಬಿಡವಾ. ನಮ್ಮ ಸಂಘದಾಕಿ ಒಬ್ಬಾಕಿ ಕೇಳಾಕತ್ತಾಳ, ಈ ಪ್ಲೇಟಿಗಿ ವರ ಹುಡುಕಾಕತ್ತಾರೇನು ಅಂತ."

ನಿಶಾತ ನಕ್ಕಳು. "ಹುಡುಕ್ರಿ ಬಾಯಾರ, ಜೇವರ್ಗಿ ಕಡೀನೇ ಕೊಟ್ಟುಬಿಡೂಣು."

"ಅಲ್ಲಾ, ಒಂದು ಮಾತು. ಪಟ್ಟಿ ಮ್ಯಾಲ ಇಟ್ಟು ತೆಗೀರಿ ಅಂತ ನೀನೇ ಹೇಳಿದ್ದಿ ಅಲಾ? ಇದರಾಗ ಪಟ್ಟಿನೇ ಇಲ್ಲಲ್ಲ. ಬಿಳೀ ಹಾಳಿ ಮ್ಯಾಲ ತೇಲಿಬಿಟ್ಟಾಂಗ ಅದ."

"ಅದನ್ನ ನಾನೇ ತೆಗದೀನ್ರಿ. ಹಿಂದ ಮೇಜು, ವೈರು, ಚಾದ ಕಪ್ಪು ಎಲ್ಲಾ ಇತ್ತು. ಹೊಲಸ ಕಾಣ್ತಿತ್ತು."

"ಚಾದ ಕಪ್ಪು ತೆಗೀ ಬೇ. ಪಟ್ಟಿ ಯಾಕ ತೆಗದಿ? ನಾ ಮಂದಿಗೆ ತೋರಸಬೇಕಲಾ. ಪಟ್ಟಿ ಇರೂದು ಕಳಸು."

ಕಳಿಸಲೆಂದು ಅವಳು ಮೂರನೇ ನಂಬರಿನ ಮೂಲ ಚಿತ್ರವನ್ನು ತೆರೆದಳು. ಮೇಜು, ವೈರು, ಕಪ್ಪು. ನಡುವೆ ಉಕ್ಕಿನ ಪಟ್ಟಿ, ಅದರ ಮೇಲೆ ಬಿಲ್ಲೆ. ಈ ಚಿತ್ರವನ್ನು ಮೊದಲ ಸಲ ನೋಡಿದಾಗ ಬಿಲ್ಲೆಯ ತಳ ದೋಣಿಯಂತೆ ಬಾಗಿತ್ತು, ನಡು ಕೆಳಗೆ, ಎರಡು ತುದಿ ಮೇಲೆ. ಪಾಪ, ಫೋನನ್ನು ತೀರ ಹತ್ತಿರ ಹಿಡಿದಿದ್ದಾನೆ, ಲೆನ್ಸು ಉಬ್ಬಿಸಿದೆ ಅಂದುಕೊಂಡಿದ್ದಳು. ಹೆಗಲು ಇಳಿಸುವ ಹಾಗೆ, ಎರಡನೇ ಯೋಚನೆ ಇಲ್ಲದೆ, ಪರದೆಯ ಮೇಲೆ ಉಬ್ಬು ತೆಗೆಯುವ ಗುಂಡಿಯನ್ನು ತುಸು ಎಳೆದಿದ್ದಳು. ಅಂಚು ನೇರವಾಗಿತ್ತು. ಆಮೇಲೆ ಹಿಂದಿನದನ್ನೆಲ್ಲ ಅಳಿಸಿ ಬಿಳಿ ಹಾಕಿದ್ದಳು.

ಈಗ ಪಟ್ಟಿ ಕಣ್ಣೆದುರಿಗಿತ್ತು. ಬಿಲ್ಲೆಯ ಅಡಿಗೇ, ಅದಕ್ಕೆ ತಾಗಿಕೊಂಡೇ ಇದ್ದ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ನೇರವಾಗಿತ್ತು.

ಲೆನ್ಸು ಉಬ್ಬಿಸಿದ್ದರೆ ಎರಡನ್ನೂ ಉಬ್ಬಿಸಬೇಕಿತ್ತು. ನಂಬದೆ ಮೂಲ ಚಿತ್ರದ ಮೇಲೆಯೇ ಗುಂಡಿಯನ್ನು ಮತ್ತೆ ಎಳೆದಳು. ಬಿಲ್ಲೆಯ ಅಂಚು ಮೆಲ್ಲಗೆ ನೇರವಾಗುತ್ತ ಬಂತು. ಅದರ ಅಡಿಯ ಉಕ್ಕು ಮೆಲ್ಲಗೆ ಕಮಾನಿನಂತೆ ಮೇಲೆದ್ದಿತು. ಮೇಜಿನ ಅಂಚೂ ಎದ್ದಿತು.

ಉಕ್ಕು ಬಾಗಿರಲಿಲ್ಲ. ಬಿಲ್ಲೆ ಬಾಗಿತ್ತು. ಗುಂಡಿಯನ್ನು ಹಿಂದಕ್ಕೆ ಬಿಟ್ಟಾಗ ಬಿಲ್ಲೆಯ ಎರಡೂ ತುದಿಯ ಕೆಳಗೆ, ಪಟ್ಟಿಯ ಮೇಲೆ, ಬೆಳಕಿನ ಎರಡು ಸಣ್ಣ ಸಂದುಗಳು ಕಂಡವು. ಕಳಿಸಿದವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿದ್ದು ತಾನು.

"ಏನಾತ ಬೇಟಿ? ಚಾ ಆರಾಕತ್ತದ." ಅತ್ತೆ ಹಮೀದಾಬೇಗಂ ಒಳಬಾಗಿಲಿನಿಂದ ಕೇಳಿದಳು.

"ಅಮ್ಮೀ, ಇದರಾಗ ಸೊಟ್ಟ ಇತ್ತು. ನಾ ನೆಟ್ಟಗ ಮಾಡಿಬಿಟ್ಟೇನಿ."

"ಅದಕ್ಕಲಾ ನಿನ್ನ ಕರೀತಾರ?"

"ಸೊಟ್ಟ ಅದನೋ ಇಲ್ಲೋ ನೋಡಾಕ ಕರದಿದ್ರು."

ಹಮೀದಾಬೇಗಂ ಬಂದು ಪರದೆಗೆ ಮುಖ ತಂದು ನೋಡಿದಳು. ಅವಳಿಗೆ ಒಂದು ತಟ್ಟೆ ಕಂಡಿತು. "ನಿನ್ನ ಮಾವ ಇದ್ದಿದ್ರ ಇನ್ನೊಂದ ಸೆಟ್ಟು ಮಾಡಿ ಸುಮ್ಮ ಕಳಸ್ತಿದ್ದ. ಯಾರು ನೋಡ್ತಾರ?"

ಅದು ನಿಶಾತಳಿಗೂ ಹೊಳೆದಿತ್ತು. ಮೂಲ ಚಿತ್ರಗಳು ಇದ್ದದ್ದು ಅವಳೊಬ್ಬಳ ಹತ್ತಿರ. ಹೊಸ ಹಾಳೆ ಮಾಡಿ, ಇನ್ನೊಮ್ಮೆ ನೋಡಿದೆ, ಸ್ಥಾನ ಬದಲಾಯಿತು ಎಂದು ಒಂದು ಸಾಲು ಬರೆದರೆ ಸಾಕು. ಯಾಕೆ ಬದಲಾಯಿತು ಎಂದು ಕೇಳಿದರೆ ಫೈಲು ಅದಲು ಬದಲಾಗಿತ್ತು ಅನ್ನಬಹುದು. ಆದರೆ ಆ ಒಂದು ಸುಳ್ಳು ಸಾಲಿನ ಮೇಲೆ ಮುಂದಿನ ಕೆಲಸವೆಲ್ಲ ನಿಲ್ಲಬೇಕಿತ್ತು. ಮಿಕ್ಕ ನಾಲ್ಕು ಚಿತ್ರಗಳಲ್ಲಿ ತನ್ನ ಬೆರಳು ಏನೇನು ಮಾಡಿದೆ ಎಂದೂ ಅವಳಿಗೆ ಆ ಗಳಿಗೆಯಲ್ಲಿ ಖಾತ್ರಿ ಇರಲಿಲ್ಲ.

ಚಾ ಆರಿಯೇ ಹೋಯಿತು. ಸಂಜೆಯವರೆಗೆ ಐದರ ಮೂಲ ಚಿತ್ರಗಳನ್ನೂ ಒಂದೊಂದಾಗಿ ತೆರೆದು, ಏನನ್ನೂ ಮುಟ್ಟದೆ, ಬರೇ ನೋಡಿದಳು. ಮುಟ್ಟದೆ ನೋಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಬೆರಳು ತಾನಾಗಿ ಮೌಸಿನ ಕಡೆ ಸರಿಯುತ್ತಿತ್ತು. ಕೊನೆಗೆ ಎರಡೂ ಕೈಯನ್ನು ಓಢಣಿಯಲ್ಲಿ ಸುತ್ತಿಕೊಂಡು ಕೂತಳು. ಸುಭದ್ರಾಬಾಯಿಗೆ ಮೂಲ ಚಿತ್ರಗಳನ್ನು ಕಳಿಸಿ, "ನನ್ನ ಕಡಿಂದ ತಪ್ಪಾಗ್ಯದ ಬಾಯಾರ, ನಾಳೆ ಅಫಜಲಪುರಕ್ಕ ಹೋಗಿ ಹೇಳ್ತೇನಿ" ಎಂದು ಬರೆದಳು.

ಆರ್ಡರು ಹೋಗುವುದು ಅಫಜಲಪುರದ ಶಾಂತಲಿಂಗಪ್ಪನ ಕಡೆಯಿಂದ. ಬಸ್ ಸ್ಟ್ಯಾಂಡಿನ ಹಿಂದೆ ಅವನ ವರ್ಕ್‌ಶಾಪು. ಮೂರು ತಾಲೂಕಿನ ಬಿತ್ತನೆ ಯಂತ್ರಗಳೂ ರಿಪೇರಿಗೆ ಅಲ್ಲಿಗೇ ಬರುತ್ತವೆ. ಫೋನು ಎತ್ತುವ ಮನುಷ್ಯ ಅಲ್ಲ ಅವನು. ಗ್ರೈಂಡರು ನಡೆಯುತ್ತಿದ್ದರೆ ಅವನಿಗೆ ಕೇಳುವುದೂ ಇಲ್ಲ.

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಹೊಲಗಳು ಹರಗಿ ಸಜ್ಜಾಗಿ ಬಿದ್ದಿದ್ದವು. ಕರಿ ಮಣ್ಣು ನೇಗಿಲ ಗೆರೆಗೆರೆಯಾಗಿ ಓರೆ ಬಿಸಿಲಿಗೆ ಮೈಯೊಡ್ಡಿತ್ತು. ಗೆರೆಗಳು ಕಾಣುವುದು ಬೆಳಗಿಗೇ, ಮಧ್ಯಾಹ್ನವಾದರೆ ಇದೇ ಹೊಲ ಬರೇ ಕಪ್ಪು ಬಯಲು ಎಂದು ಅವಳು ಅಂದುಕೊಂಡಳು. ಇನ್ನು ಈ ಕೆಲಸ ಉಳಿಯಲಿಕ್ಕಿಲ್ಲ. ಉಳಿಯದಿದ್ದರೆ ಝೆರಾಕ್ಸು ಇದೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಸಮಾಧಾನ ಕೊಡಲಿಲ್ಲ.

ಶಾಂತಲಿಂಗಪ್ಪ ಮೇಜಿಗೆ ಬಿಗಿದ ವೈಸಿನ ದವಡೆಗೆ ಕಬ್ಬಿಣದ ತುಂಡೊಂದನ್ನು ಕಚ್ಚಿಸುತ್ತಿದ್ದ. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಸಂತೋಷಕುಮಾರ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದ.

"ಬಾರವಾ ಫೋಟೋದಾಕಿ. ಈಗ ಅವನಿಗೆ ಫೋನ್ ಮಾಡೋರದೀವಿ, ನಿನ್ನ ಮೂರನೇ ನಂಬರಿನವಗ" ಅಂದ ಶಾಂತಲಿಂಗಪ್ಪ.

"ಮಾಡಬ್ಯಾಡ್ರಿ ಕಾಕಾ."

ಅವನು ಕೈ ಒರೆಸಿಕೊಂಡ. ಅವಳು ನಿಂತೇ ಎಲ್ಲ ಹೇಳಿದಳು. ಉಬ್ಬು ಅಂದುಕೊಂಡದ್ದು, ನೇರ ಮಾಡಿದ್ದು, ಪಟ್ಟಿ ಅಳಿಸಿದ್ದು, ಸುಭದ್ರಾಬಾಯಿ ಕೇಳಿದ್ದು. ಫೋನಿನಲ್ಲಿ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು. ಶಾಂತಲಿಂಗಪ್ಪ ಕನ್ನಡಕ ಏರಿಸಿ ಒಮ್ಮೆ ಇದನ್ನು ಒಮ್ಮೆ ಅದನ್ನು ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದ.

"ಲೇ ಸಂತೋಷಾ, ನೋಡಲ್ಲಿ. ಕುಂಟ ಹುಡುಗೀನ ನೆಟ್ಟಗ ನಿಂದ್ರಿಸಿ ತೋರಿಸ್ಯಾಳ! ನಾವು ಒಪ್ಪಿಗಿ ಬ್ಯಾರೆ ಕೊಟ್ಟುಬಿಟ್ಟೀವಿ!"

"ನಗೂದಲ್ಲ ಮಾಮಾ." ಸಂತೋಷಕುಮಾರನ ಮುಖ ಸಣ್ಣದಾಗಿತ್ತು. ಇವಳನ್ನು ಕರೆತಂದವನು ಅವನೇ. "ಅಕ್ಕಾ, ಒಂದರಾಗ ಹಿಂಗಾದ್ರ, ಉಳಿದ ನಾಕರಾಗ ಏನಾಗ್ಯದೋ ಯಾರಿಗಿ ಗೊತ್ತು?"

"ಅದಕ್ಕಂತ ಎಲ್ಲಾ ಮತ್ತ ನೋಡೇನಿ. ಐದರ ಮೂಲ ಚಿತ್ರನೂ ಇದರಾಗ ಅವ. ನನ್ನ ಮಾತು ನಂಬಬ್ಯಾಡ್ರಿ, ನೀವೇ ನೋಡ್ರಿ. ಐದನೇದು ಸಪಾಟ ಅದ, ಅದರ ಜಾಗಾ ಬದಲಾಗಂಗಿಲ್ಲ, ಎರಡನೇದೇ. ಒಂದನೇ ನಂಬರು ಎಲ್ಲಕ್ಕೂ ಮ್ಯಾಲ ಬರಬೇಕು."

"ಆ ಬೂದಿ ಬಣ್ಣದ್ದು? ಅದರ ಗೆರಿ ಕುರುಡಗೂ ಕಾಣ್ತಾವಲ್ಲ" ಅಂದ ಸಂತೋಷಕುಮಾರ.

"ಕಾಣ್ತಾವ್ರಿ. ಆದ್ರ ಪಟ್ಟಿ ಮ್ಯಾಲ ಹೆಂಗ ಕುಂತದ ನೋಡ್ರಿ. ಬೆಳಕು ಹಾಯಂಗಿಲ್ಲ. ಗುಳಿ ಐದನೇದಕ್ಕಿಂತ ಚಲೋ ಬಿಡಿಸ್ಯಾರ. ನಾ ಮೊದಲ ಬಾಣ ನೋಡಿ ಮೊಂಡ ಅಂದೆ. ಬಾಣ ಕಾಳು ಎತ್ತೂದಿಲ್ಲ, ಗುಳಿ ಎತ್ತೂದು."

ಶಾಂತಲಿಂಗಪ್ಪ ನಗು ನಿಲ್ಲಿಸಿದ್ದ. ಮೂಲೆಯಲ್ಲಿದ್ದ ಬೀಜದ ಪೆಟ್ಟಿಗೆಯೊಂದನ್ನು ಕಾಲಿನಿಂದ ಹತ್ತಿರ ಸರಿಸಿ, ಒಳಗಿನ ಹಳೆಯ ಬಿಲ್ಲೆಯ ಅಂಚಿಗೆ ಬೆರಳಿಟ್ಟ.

"ಗೆರಿ ಇದ್ರ ನಾ ಸ್ಯಾಂಡ್ ಪೇಪರಲೆ ಉಜ್ಜತೇನಿ. ಇಲ್ಲಿ ಅಂಚು ಎದ್ದಿತ್ತಂದ್ರ ಹಿಂದಿನ ಗ್ವಾಡಿಗಿ ಸಂದು ಬೀಳ್ತದ. ಸಂದಿನ್ಯಾಗ ಕಾಳು ಸಿಗ್ತದ, ಅರೀತದ, ತಿರುಗೂದು ನಿಂದರ್ತದ. ಅಷ್ಟೊತ್ತಿಗಿ ಹೊಲದ ಅರ್ಧ ಸಾಲು ಖಾಲಿ ಹೋಗಿರ್ತದ. ಯಾರಿಗೂ ಗೊತ್ತಾಗಂಗಿಲ್ಲ, ಮೊಳಕಿ ಬರೂತನಾ."

"ಬಿಸಿನೀರಾಗ ಅದ್ದಿ ಒತ್ತಿದ್ರ ನೆಟ್ಟಗಾಗಂಗಿಲ್ಲೇನು?" ಸಂತೋಷಕುಮಾರ ಇನ್ನೂ ಕಪ್ಪು ಬಿಲ್ಲೆಯ ಚಿತ್ರವನ್ನೇ ನೋಡುತ್ತಿದ್ದ. ಅದರ ಚಂದ ಅವನನ್ನೂ ಬಿಟ್ಟಿರಲಿಲ್ಲ.

"ಆಗಬಹುದು. ಗುಳಿನೂ ಅದರ ಜೋಡಿ ಸೊಟ್ಟಾದ್ರ? ನೀ ಒಲಿ ಮುಂದ ಕುಂತು ಒಂದೊಂದ ಒತ್ಕೋತ ಕೂಡತಿಯೇನಲೇ?"

"ಅವಗೂ ತಿಳಿಸ್ರಿ" ಅಂದಳು ನಿಶಾತ. "ಅಂಚು ಎದ್ದದ ಅಂತ. ಕೈ ಭಾಳ ನಾಜೂಕ ಅದ ಅವಂದು. ಪ್ರಿಂಟಿನ ತಳಾ ಸರಿ ಹಿಡಿಸಿ ಮತ್ತೊಮ್ಮೆ ಮಾಡಿ ಕಳಸ್ಲಿ, ಮುಂದಿನ ಸಲಕ್ಕಾದ್ರೂ. ಪಟ್ಟಿ ಮ್ಯಾಲ ಇಟ್ಟು ಖರೇ ತೋರಿಸಿದ್ದ ಪಾಪ."

ಶಾಂತಲಿಂಗಪ್ಪ ಐದರ ಮೂಲ ಚಿತ್ರಗಳನ್ನೂ ಕೇಳಿ ತೆಗೆಸಿ ನೋಡಿದ. ಎರಡೆರಡು ಬೆರಳಿನಿಂದ ಹಿಗ್ಗಿಸಿ, ಪಟ್ಟಿಯ ಈ ತುದಿಯಿಂದ ಆ ತುದಿಗೆ ಉಗುರು ಎಳೆದು ನೋಡಿದ. ಕೊನೆಗೆ ಒಂದನೇ ನಂಬರಿನವನಿಗೂ ಐದನೇ ನಂಬರಿನವನಿಗೂ ಫೋನು ಹಚ್ಚಿ, ಮಾದರಿ ಬಸ್ಸಿಗೆ ಹಾಕಿ ಕಳಿಸಿರೆಂದು ಗ್ರೈಂಡರಿನ ದನಿಯಲ್ಲೇ ಕೂಗಿ ಹೇಳಿದ.

ಫೋನು ಇಟ್ಟ. ಕೆಲಸ ಮುಗಿದಿತ್ತು. ಉಳಿದದ್ದು ಮುಂದಿನ ಕೆಲಸ ಅವಳಿಗೆ ಕೊಡುವುದೋ ಬೇಡವೋ ಎಂಬ ಮಾತು. ನಿಶಾತ ತಾನೇ ಶುರು ಮಾಡಿದಳು.

"ಮುಂದಿಂದು ನೀವು ಬ್ಯಾರೆಯವರಿಗಿ ಕೊಟ್ರೂ ನನಗೇನೂ ಬ್ಯಾಸರಿಲ್ಲ."

"ಬ್ಯಾಸರಿಲ್ಲಂತ. ಮುಖ ನೋಡು, ಹಿಟ್ಟು ಸೋಸಿದ ಜರಡಿ ಆಗ್ಯದ." ಶಾಂತಲಿಂಗಪ್ಪ ವೈಸಿನ ಹಿಡಿಕೆ ಸಡಿಲಿಸಿದ. "ಮುಂದಿನ ತಿಂಗಳ ಕೊಳವಿ ಮುಚ್ಚಳ ಮಾಡಸೂದದ, ಗೊಬ್ಬರದ ಗಾಲಿ ಅದಾವ. ಸಂತೋಷಾ, ನೀ ಏನಂತಿ?"

"ನಾ ಏನನ್ನಲಿ ಮಾಮಾ. ಮೂಲ ಚಿತ್ರ ಎಲ್ಲರಿಗೂ ಹೋಗಬೇಕು. ಇಬ್ಬರು ನೋಡಬೇಕು. ಒಬ್ಬರ ಕಣ್ಣಿನ ಮ್ಯಾಲ ಬಿಡೂದು ಬ್ಯಾಡ."

"ಇಬ್ಬರು ಯಾರ್ಯಾರು?"

"ಒಬ್ಬರು ಅಕ್ಕಾನೇ ಇರ್ಲಿ. ಗೆರಿ, ನಾಜೂಕು ಅವರಷ್ಟು ನನಗಂತೂ ಕಾಣಂಗಿಲ್ಲ. ಇನ್ನೊಬ್ಬರು…"

"ನಾ ಒಲ್ಲೆಪಾ. ನನ್ನ ಕನ್ನಡಕದ ನಂಬರು ನನಗ ಗೊತ್ತಿಲ್ಲ."

"ಸುಭದ್ರಾಬಾಯಾರಿಗಿ ಕೇಳ್ರಿ" ಅಂದಳು ನಿಶಾತ. "ಅವರಿಗೆ ಚಿತ್ರ ಛಂದ ಕಾಣೂದು ಬೇಕಿಲ್ಲ."

"ಅಕಿ ಬಂದ್ರ ನಮ್ಮಿಬ್ಬರನೂ ಪಟ್ಟಿ ಮ್ಯಾಲ ಇಟ್ಟು ನೋಡ್ತಾಳ!" ಶಾಂತಲಿಂಗಪ್ಪ ಗೊಣಗಿದ. ಆದರೆ ಬೇಡ ಅನ್ನಲಿಲ್ಲ. "ಆತು, ಫೋನ್ ಹಚ್ಚು. ಮತ್ತ ಒಂದು ಕರಾರು, ನಿಶಾತಾ. ಬಂದ ಚಿತ್ರಕ್ಕ ನೀ ಏನೂ ಹಚ್ಚಂಗಿಲ್ಲ. ಪೌಡರಿಲ್ಲ, ಸ್ನೋ ಇಲ್ಲ."

"ಇಲ್ರಿ ಕಾಕಾ."

"ನೆಟ್ಟಗ ಮಾಡೂದಿಲ್ಲ."

"ಇಲ್ಲ."

ಅಂದಳಾದರೂ ಅವಳ ನೋಟ ಬೇರೆಡೆಗೆ ಹೋಗಿತ್ತು. ವರ್ಕ್‌ಶಾಪಿನ ಬಾಗಿಲಲ್ಲಿ ಬೆಳಗಿನ ಬಿಸಿಲು ಇನ್ನೂ ಓರೆಯಾಗಿಯೇ ಇತ್ತು, ಕಟ್ಟೆಯ ಒರಟು ಸಿಮೆಂಟಿನ ಪ್ರತಿ ಕಲ್ಲಿಗೂ ಒಂದೊಂದು ನೆರಳು ಕಟ್ಟಿ. ಐವರಿಗೂ ತಾನು ಬರೇ ಮಾತಿನಲ್ಲಿ ಹೇಳಿ ಕಳಿಸಿದ್ದಳು. ಹೀಗೆ ತೆಗೆಯಿರಿ ಎಂದು ಒಂದು ಚಿತ್ರವನ್ನೇ ತೆಗೆದು ಕಳಿಸಿದ್ದರೆ ವೈರು, ಕಪ್ಪು ಯಾವುದೂ ಬರುತ್ತಿರಲಿಲ್ಲ. ಅಳಿಸುವ ಆಸೆಯೂ ಹುಟ್ಟುತ್ತಿರಲಿಲ್ಲ.

"ಮತ್ತ ಸಂತೋಷಾ, ಆ ಮುಚ್ಚಳದ ಅಳತಿ ಜೇವರ್ಗಿಯವರದ್ದು ಬ್ಯಾರೆ ಅದ, ನಮ್ಮದು ಬ್ಯಾರೆ. ಮೊದಲ ಅದನ್ನ ಒಂದು ಮಾಡಿ, ಆಮ್ಯಾಲ ಇಕಿಗಿ…"

ಪೆಟ್ಟಿಗೆಯೊಳಗಿನ ಹಳೆಯ ಬಿಲ್ಲೆಯನ್ನು ನಿಶಾತ ಕಳಚಿಕೊಂಡಳು. ಮೇಜಿನ ಮೇಲಿದ್ದ ಉಕ್ಕಿನ ಪಟ್ಟಿಯನ್ನೂ ಎತ್ತಿಕೊಂಡಳು.

"ನಿಶಾತಾ, ನಿನಗೇ ಹೇಳಾಕತ್ತೀನಿ, ಆ ಮುಚ್ಚಳಕ್ಕ ಎಂಥಾ ಫೋಟೋ ಬೇಕಾಗ್ತದ? ಏ, ನನ್ನ ಪಟ್ಟಿ ಎಲ್ಲಿ ಒಯ್ತಿ ಬೇ?"

ಅವಳು ಆಗಲೇ ಫೋನಿನ ಕ್ಯಾಮೆರಾ ತೆರೆದು ಓರೆ ಬಿಸಿಲಿಗೆ ಇಳಿದಿದ್ದಳು.